ಮೊಡವೆ ತೆಗೆದರೆ ಸರಿ, ಮೂಗು ತಿದ್ದಿದರೆ ತಪ್ಪೆ? ಫೋಟೊ ಟಚಪ್‌ನ ಗಡಿ ಎಲ್ಲಿದೆ

"ಎಡಿಟ್ ಮಾಡಿದ ಫೋಟೊ ಇನ್ನು ಮುಂದೆ ನಡೆಯೋದಿಲ್ಲ" ಎಂಬ ಸುದ್ದಿ ವಾಟ್ಸ್‌ಆಪ್‌ನಲ್ಲಿ ಸುತ್ತಾಡಿ ದಾವಣಗೆರೆಯ ಸ್ಟುಡಿಯೊಗಳ ಕೌಂಟರ್‌ವರೆಗೂ ಬಂದಿದೆ. ಇದರ ಮೂಲ ಪಾಸ್‌ಪೋರ್ಟ್ ಫೋಟೊದ ನಿಯಮ. 2025ರ ಸೆಪ್ಟೆಂಬರ್ 1ರಿಂದ ವಿದೇಶಗಳಲ್ಲಿರುವ ಭಾರತೀಯ ಕಾನ್ಸುಲೇಟ್‌ಗಳು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದ ಫೋಟೊವನ್ನೇ ಕೇಳತೊಡಗಿದವು. ಮುಖ ಚೌಕಟ್ಟಿನ 80ರಿಂದ 85 ಪ್ರತಿಶತ ತುಂಬಿರಬೇಕು, ಹಿನ್ನೆಲೆ ಬಿಳಿ ಇರಬೇಕು, ಸಾಫ್ಟ್‌ವೇರ್‌ನಲ್ಲಿ ತಿದ್ದಿರಬಾರದು ಎಂಬುದು ಅದರ ಸಾರ.

ಈ ನಿಯಮ ನಮ್ಮೂರಿನ ಬಹುತೇಕರನ್ನು ನೇರವಾಗಿ ತಟ್ಟುವುದಿಲ್ಲ. ಇಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋದವರ ಫೋಟೊವನ್ನು ಸಿಬ್ಬಂದಿಯೇ ಕ್ಯಾಮೆರಾ ಮುಂದೆ ಕೂರಿಸಿ ತೆಗೆಯುತ್ತಾರೆ. 4 ವರ್ಷದೊಳಗಿನ ಮಕ್ಕಳದ್ದಾದರೆ ಮಾತ್ರ ಹೊರಗೆ ತೆಗೆಸಿಕೊಂಡು ಒಯ್ಯಬೇಕು. ಮದುವೆ ಆಲ್ಬಂ, ಬಯೋಡೇಟಾ ಫೋಟೊ, ಗೃಹಪ್ರವೇಶದ ಫ್ಲೆಕ್ಸ್ ಇವುಗಳ ಮೇಲೆ ಯಾವ ನಿರ್ಬಂಧವೂ ಬಂದಿಲ್ಲ.

ಆದರೂ ಸುದ್ದಿ ಎಬ್ಬಿಸಿದ ಪ್ರಶ್ನೆ ಸುಳ್ಳಲ್ಲ. ಗುರುತಿನ ಫೋಟೊದಲ್ಲಿ ಒಂದು ಮಚ್ಚೆಯನ್ನೂ ಅಳಿಸಬಾರದು ಎನ್ನುವ ಕಾಲದಲ್ಲೇ, ಬಯೋಡೇಟಾ ಫೋಟೊದಲ್ಲಿ ಇಡೀ ಮುಖವನ್ನೇ ಬದಲಾಯಿಸುವುದು ವಾಡಿಕೆಯಾಗಿದೆ. ಇವೆರಡರ ನಡುವೆ ಎಷ್ಟರವರೆಗೆ ಹೋಗಬಹುದು? "ಸ್ವಲ್ಪ ಮಾಡಿದರೆ ಪರವಾಗಿಲ್ಲ, ಜಾಸ್ತಿ ಆಗಬಾರದು" ಎಂಬುದು ಎಲ್ಲರ ಬಾಯಲ್ಲೂ ಬರುವ ಉತ್ತರ. ಕೆಲಸದ ಒಳಹೊಕ್ಕು ನೋಡಿದರೆ ಆ ಉತ್ತರ ಕೈಕೊಡುತ್ತದೆ. ಇಪ್ಪತ್ತು ಮೊಡವೆ ಅಳಿಸಿದರೂ ಆ ವ್ಯಕ್ತಿ ಆ ವ್ಯಕ್ತಿಯಾಗಿಯೇ ಉಳಿಯಬಹುದು. ಒಂದೇ ಒಂದು ಸ್ಲೈಡರ್ ಎಳೆದು ಬೇರೆಯವರನ್ನು ಮಾಡಿಬಿಡಲೂಬಹುದು.

ಪೆನ್ಸಿಲ್ ಕಾಲದ ಟಚಿಂಗ್

ಟಚಪ್ ಕಂಪ್ಯೂಟರ್ ಜೊತೆ ಹುಟ್ಟಿದ್ದಲ್ಲ. ಕಪ್ಪು-ಬಿಳುಪಿನ ಕಾಲದಲ್ಲಿ ನೆಗೆಟಿವ್ ಮೇಲೆ ಚೂಪಾದ ಸೀಸದ ಕಡ್ಡಿಯಿಂದ ಸಣ್ಣ ಸಣ್ಣ ಗೀರು ಹಾಕುವುದೇ ಒಂದು ಕಸುಬಾಗಿತ್ತು. ನೆಗೆಟಿವ್‌ನಲ್ಲಿ ಪೆನ್ಸಿಲ್ ತಾಗಿದ ಕಡೆ ಬೆಳಕು ಕಡಿಮೆ ಹಾಯುತ್ತದೆ, ಹಾಗಾಗಿ ಪ್ರಿಂಟಿನಲ್ಲಿ ಆ ಜಾಗ ತಿಳಿಯಾಗುತ್ತದೆ. ಕಣ್ಣಿನ ಕೆಳಗಿನ ಕಪ್ಪು, ಕೆನ್ನೆಯ ಗೆರೆ, ಹಣೆಯ ಸುಕ್ಕು ಹೀಗೆ ಮೆತ್ತಗಾಗುತ್ತಿದ್ದವು. ಪ್ರಿಂಟಿನಲ್ಲಿ ಯಾವುದನ್ನಾದರೂ ಕಪ್ಪಾಗಿಸಬೇಕೆಂದರೆ ಬ್ಲೇಡಿನಿಂದ ನೆಗೆಟಿವ್ ಕೆರೆಯಬೇಕಿತ್ತು. ಕೈ ಜಾರಿದರೆ ನೆಗೆಟಿವೇ ಹೋಯಿತು.

ಅಂದರೆ ಸುಲಭದ ದಾರಿ ಅಂದೂ ಬೆಳ್ಳಗೆ ಮಾಡುವ ಕಡೆಗೇ ಇತ್ತು. ಆದರೆ ಆ ಪೆನ್ಸಿಲ್‌ಗೆ ಮೂಗನ್ನು ಸಣ್ಣದು ಮಾಡುವ, ಸೊಂಟವನ್ನು ಒಳಗೆಳೆಯುವ ಶಕ್ತಿ ಇರಲಿಲ್ಲ. ಗೀರು ಗೀರಾಗಿ ಕೂತು ಮಾಡಬೇಕಾದ್ದರಿಂದ ತಿದ್ದುಪಡಿ ಬೇಕಾದ ಕಡೆ ಮಾತ್ರ ಆಗುತ್ತಿತ್ತು. ಇವತ್ತು ಒಂದು ಪ್ಲಗಿನ್ ಒತ್ತಿದರೆ ಹಣೆಯಿಂದ ಗದ್ದದವರೆಗೆ ಒಂದೇ ಹದದಲ್ಲಿ ಸವರಿಬಿಡುತ್ತದೆ. ಎಡವಟ್ಟು ಇಲ್ಲಿಂದಲೇ ಆರಂಭ.

ಮುಖದ ಗುರುತು ಎಲ್ಲಿ ಕೂತಿದೆ

ಪರಿಚಯದವರ ಮುಖವನ್ನು ನಾವು ಹಿಡಿಯುವುದು ಚರ್ಮದ ರಂಧ್ರ ನೋಡಿ ಅಲ್ಲ. ಹತ್ತು ಮಾರು ದೂರದಿಂದಲೇ, ಮೊಡವೆ ಮಚ್ಚೆ ಏನೂ ಕಾಣದಿದ್ದರೂ, ಇಂಥವರು ಎಂದು ಹೇಳಿಬಿಡುತ್ತೇವೆ. ಆ ದೂರದಲ್ಲಿ ಉಳಿಯುವುದು ಮೂರು ಸಂಗತಿ: ಅಂಗಗಳ ನಡುವಿನ ಅಳತೆ, ಕೆನ್ನೆ ಮೂಗು ಗದ್ದಗಳ ಮೇಲೆ ಬೀಳುವ ನೆರಳು-ಬೆಳಕು, ಮತ್ತು ಚರ್ಮ, ಹುಬ್ಬು, ತುಟಿಗಳ ಬಣ್ಣ ಒಂದಕ್ಕೊಂದು ಎಷ್ಟು ಗಾಢ ಎಂಬ ಹೋಲಿಕೆ.

ನೆರಳು-ಬೆಳಕಿನ ಮಹತ್ವ ತಿಳಿಯಬೇಕಿದ್ದರೆ ಹಳೆಯ ನೆಗೆಟಿವ್ ಒಂದನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಕು. ಅಳತೆ ಒಂದು ಕೂದಲೆಳೆಯಷ್ಟೂ ಬದಲಾಗಿರುವುದಿಲ್ಲ, ಆದರೂ ಮನೆಯವರನ್ನೇ ಗುರುತಿಸಲು ತಡವರಿಸುತ್ತೇವೆ. ಹುಬ್ಬಿನ ಮಹತ್ವವನ್ನು 2003ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿ ಪವನ್ ಸಿನ್ಹಾ ಮತ್ತು ಸಂಗಡಿಗರು ತೋರಿಸಿದರು. ಪ್ರಸಿದ್ಧರ ಫೋಟೊಗಳಲ್ಲಿ ಕಣ್ಣು ಅಳಿಸಿದಾಗಿನದಕ್ಕಿಂತ ಹುಬ್ಬು ಅಳಿಸಿದಾಗ ಜನ ಗುರುತಿಸುವುದು ಹೆಚ್ಚು ಕಷ್ಟವಾಯಿತು. ಟಚಪ್ ಮಾಡುವಾಗ ಚರ್ಮದ ಜೊತೆಗೆ ಹುಬ್ಬಿನ ಅಂಚೂ ಮಸುಕಾದರೆ ಮುಖ ಏಕೆ "ಏನೋ ಬೇರೆ ಥರ" ಕಾಣುತ್ತದೆ ಎಂಬುದಕ್ಕೆ ಇದೇ ಕಾರಣ.

ಅಂದ ಮೇಲೆ ಮೊಡವೆ ಗುರುತಿನ ಭಾಗವಲ್ಲ, ಕೆನ್ನೆಯ ನೆರಳು ಗುರುತಿನ ಭಾಗ. ಕಸುಬಿನವರಲ್ಲಿ ಒಂದು ರೂಢಿಯ ಲೆಕ್ಕವಿದೆ: ಎರಡು ವಾರದಲ್ಲಿ ತಾನಾಗಿಯೇ ಹೋಗುವಂಥದ್ದನ್ನು ತೆಗೆಯಬಹುದು, ಉಳಿದದ್ದನ್ನು ಕೇಳಿ ತೆಗೆಯಬೇಕು. ಮೊಡವೆ, ಶೇವ್ ಮಾಡುವಾಗಿನ ಗೀರು, ನಿದ್ದೆಗೆಟ್ಟು ಕೆಂಪಾದ ಕಣ್ಣು ಮೊದಲನೆಯ ಗುಂಪು. ಮಚ್ಚೆ, ಹೊಲಿಗೆಯ ಕಲೆ, ತೊನ್ನು, ಸುಕ್ಕು ಎರಡನೆಯದು. ಲೆಕ್ಕ ಒಳ್ಳೆಯದೇ. ಆದರೆ ಅದು ಕಲೆಗಳ ಬಗ್ಗೆ ಮಾತ್ರ ಹೇಳುತ್ತದೆ, ನೆರಳು ಮತ್ತು ಬಣ್ಣದ ಬಗ್ಗೆ ಬಾಯಿ ಬಿಡುವುದಿಲ್ಲ. ಹೋಲಿಕೆ ಕೆಡುವುದು ಅಲ್ಲೇ.

ಒಂದು ಬಯೋಡೇಟಾ ಫೋಟೊದ ಅಳತೆ

ಒಂದು ಉದಾಹರಣೆಯನ್ನು ಅಳತೆ ಹಿಡಿದೇ ನೋಡೋಣ. ಸೀರೆ ಉಟ್ಟ ಯುವತಿ, ಸೊಂಟದಿಂದ ಮೇಲಿನ ಫೋಟೊ, 24 ಮೆಗಾಪಿಕ್ಸೆಲ್ ಕ್ಯಾಮೆರಾ. ಫೈಲು 4000 ಪಿಕ್ಸೆಲ್ ಅಗಲ, 6000 ಎತ್ತರ. ಅದರಲ್ಲಿ ಮುಖದ ಅಗಲ ಸುಮಾರು 1200 ಪಿಕ್ಸೆಲ್ ಬರುತ್ತದೆ ಎಂದುಕೊಳ್ಳಿ. ನಿಜವಾದ ಮುಖದ ಅಗಲ 14 ಸೆಂಟಿಮೀಟರ್ ಎಂದು ಹಿಡಿದರೆ, 1 ಮಿಲಿಮೀಟರ್‌ಗೆ 8ರಿಂದ 9 ಪಿಕ್ಸೆಲ್.

ಈ ಅಳತೆಯಲ್ಲಿ ಚರ್ಮದ ರಂಧ್ರ 2-3 ಪಿಕ್ಸೆಲ್. 3 ಮಿಲಿಮೀಟರ್‌ನ ಮೊಡವೆ 25 ಪಿಕ್ಸೆಲ್ ಆಸುಪಾಸು. ಮೂಗಿನ ಬದಿಯಿಂದ ಬಾಯಿಯ ಮೂಲೆಗೆ ಇಳಿಯುವ ಮಡಿಕೆಯ ನೆರಳು ಒಂದು ಸೆಂಟಿಮೀಟರ್ ಇದ್ದರೆ 85 ಪಿಕ್ಸೆಲ್. ಅಂದರೆ ಒಂದೇ ಮುಖದಲ್ಲಿ ಮೂರು ಬೇರೆ ಬೇರೆ ಗಾತ್ರದ ವಿವರಗಳಿವೆ, ಅವುಗಳಲ್ಲಿ ನಡುವಿನದ್ದನ್ನು ಮಾತ್ರ ತೆಗೆಯಬೇಕಾಗಿದೆ.

ಕೈಪಳಗಿದ ಎಡಿಟರ್ ಮೊದಲು, ಕಲೆಯ ಜಾಗಕ್ಕೆ ಪಕ್ಕದ ಚರ್ಮವನ್ನು ತುಂಬುವ ಹೀಲಿಂಗ್ ಬ್ರಷ್ ಹಿಡಿದು ಮೊಡವೆಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಆಮೇಲೂ ಚರ್ಮ ಪಟ್ಟೆ ಪಟ್ಟೆಯಾಗಿ ಕಂಡರೆ ಫ್ರೀಕ್ವೆನ್ಸಿ ಸೆಪರೇಶನ್ ಎಂಬ ವಿಧಾನಕ್ಕೆ ಹೋಗುತ್ತಾರೆ. ಫೋಟೊವನ್ನು ಎರಡು ಪದರ ಮಾಡುವುದು ಇದರ ಕ್ರಮ. ಕೆಳಗಿನ ಪದರವನ್ನು 8 ಪಿಕ್ಸೆಲ್‌ನಷ್ಟು, ಅಂದರೆ ಈ ಮುಖದಲ್ಲಿ 1 ಮಿಲಿಮೀಟರ್‌ನಷ್ಟು, ಮಸುಕು ಮಾಡಿದರೆ ರಂಧ್ರಗಳು ಮಾಯವಾಗಿ ಬಣ್ಣ ಮತ್ತು ನೆರಳು ಮಾತ್ರ ಉಳಿಯುತ್ತವೆ. ಮೇಲಿನ ಪದರದಲ್ಲಿ ರಂಧ್ರ, ಸಣ್ಣ ರೋಮ, ಗೆರೆಗಳು ಉಳಿಯುತ್ತವೆ. ಇನ್ನು ಕೆಳಗಿನ ಪದರದಲ್ಲಿ ಪಟ್ಟೆ ಇದ್ದ ಕಡೆ ಮಾತ್ರ ಬಣ್ಣ ಸಮ ಮಾಡಿದರೆ ಚರ್ಮ ಚರ್ಮವಾಗಿಯೇ ಉಳಿಯುತ್ತದೆ.

ಮದುವೆ ಸೀಸನ್ನಿನಲ್ಲಿ ನಡೆಯುವುದೇ ಬೇರೆ. ಸಮಯವಿಲ್ಲ, ಕೆಳಗಿನ ಪದರವನ್ನು ಇಡಿಯಾಗಿ ಲಾಸೋ ಎಂಬ ಆಯ್ಕೆಯ ಸಾಧನದಲ್ಲಿ ಹಿಡಿದು 40-50 ಪಿಕ್ಸೆಲ್ ಮಸುಕು ಕೊಟ್ಟುಬಿಡುತ್ತಾರೆ. ಈ ಮುಖದಲ್ಲಿ ಅದು ಹೆಚ್ಚುಕಡಿಮೆ ಅರ್ಧ ಸೆಂಟಿಮೀಟರ್. ಪಟ್ಟೆಗಳ ಜೊತೆಗೆ ಮೂಗಿನ ಬದಿಯ ನೆರಳು, ಕೆನ್ನೆಯ ಗುಳಿ, ಕಣ್ಣಿನ ಕೆಳಗಿನ ತಿರುವು ಎಲ್ಲವೂ ಕರಗುತ್ತವೆ. ಮೇಲಿನ ಪದರ ಹಾಗೇ ಇರುವುದರಿಂದ ಜೂಮ್ ಮಾಡಿದರೆ ರಂಧ್ರ ಕಾಣುತ್ತವೆ, "ನೋಡ್ರಿ, ಸ್ಕಿನ್ ಹಂಗೇ ಐತಿ" ಎಂದು ತೋರಿಸಲೂಬಹುದು. ಆದರೆ ಮುಖ ಚಪ್ಪಟೆಯಾಗಿ ಅವರ ಅಕ್ಕನೋ ತಂಗಿಯೋ ಎಂಬಂತೆ ಕಾಣುತ್ತದೆ.

ಇಲ್ಲಿ ಇನ್ನೊಂದು ತಿರುವು ಇದೆ. ಆ ಫೋಟೊ ಹುಡುಗನ ಮನೆಯವರಿಗೆ ತಲುಪುವುದು ಪ್ರಿಂಟಾಗಿ ಅಲ್ಲ, ವಾಟ್ಸ್‌ಆಪ್‌ನಲ್ಲಿ. ಮಾಮೂಲಿ ಗುಣಮಟ್ಟದಲ್ಲಿ ಕಳಿಸಿದರೆ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. 1200 ಪಿಕ್ಸೆಲ್ ಇದ್ದ ಮುಖ 320 ಆಗುತ್ತದೆ, ರಂಧ್ರ ಒಂದು ಪಿಕ್ಸೆಲ್‌ಗೂ ಕಡಿಮೆಯಾಗಿ ಕಾಣದೇ ಹೋಗುತ್ತದೆ. ಎಡಿಟರ್ ಜತನದಿಂದ ಉಳಿಸಿದ ರಂಧ್ರಗಳು ಯಾರಿಗೂ ತಲುಪುವುದಿಲ್ಲ. ತಲುಪುವುದು ನೆರಳು, ಬಣ್ಣ, ಆಕಾರ ಮಾತ್ರ. "ಪ್ಲಾಸ್ಟಿಕ್ ಥರ ಆಗಬಾರದು" ಎಂಬ ಎಚ್ಚರಿಕೆಯೊಂದನ್ನೇ ಹಿಡಿದು ಕೂತವರು ನಿಜವಾಗಿ ಕಾಯಬೇಕಾದ್ದನ್ನು ಬಿಟ್ಟು ಬೇರೆಯದನ್ನು ಕಾಯುತ್ತಿರುತ್ತಾರೆ.

ಬಣ್ಣ: ಸರಿಪಡಿಸುವುದು ಬೇರೆ, ಬಿಳಿಯಾಗಿಸುವುದು ಬೇರೆ

"ಅಣ್ಣಾರ, ಸ್ವಲ್ಪ ಬ್ರೈಟ್ ಮಾಡ್ರಿ." ಈ ಮಾತಿಗೆ ಎರಡು ಅರ್ಥವಿದೆ, ಒಂದು ನ್ಯಾಯವಾದದ್ದು.

ಕ್ಯಾಮೆರಾದ ಬೆಳಕಿನ ಮೀಟರ್ ಎದುರಿನ ದೃಶ್ಯವನ್ನೆಲ್ಲ ಸೇರಿಸಿ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಬಿಳಿ ಪಂಚೆ, ಬಿಳಿ ಶರ್ಟು, ಹಿಂದೆ ಬಿಳಿ ಗೋಡೆ ಇದ್ದರೆ ಅದು ಮೋಸ ಹೋಗಿ ಇಡೀ ಫೋಟೊವನ್ನು ಕಪ್ಪಾಗಿಸುತ್ತದೆ. ಮುಖ ಇರುವುದಕ್ಕಿಂತ ಎರಡು ಪಟ್ಟು ಕಪ್ಪಾಗಿ ಬರುವುದೂ ಉಂಟು. ಕಲ್ಯಾಣ ಮಂಟಪದ ಬಣ್ಣದ ಎಲ್‌ಇಡಿ ದೀಪಗಳು ಮುಖಕ್ಕೆ ನೇರಳೆ, ಹಸಿರು ಬಳಿಯುತ್ತವೆ. ಇಂಥ ಕಡೆ ಬೆಳಕು ಏರಿಸುವುದು, ಬಣ್ಣ ತಿದ್ದುವುದು ಸುಳ್ಳಲ್ಲ. ಕ್ಯಾಮೆರಾ ಹೇಳಿದ ಸುಳ್ಳನ್ನು ಸರಿಪಡಿಸುವುದು. ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಫೋಟೊದಲ್ಲೇ ಸಾಕ್ಷಿ ಇರುತ್ತದೆ: ಬಿಳಿ ಶರ್ಟು ಬಿಳಿಯಾಗಿ ಕಾಣುವಷ್ಟಕ್ಕೆ ನಿಲ್ಲಬೇಕು. ಶರ್ಟಿನ ಮಡಿಕೆಗಳೇ ಅಳಿಸಿಹೋದರೆ ಗೆರೆ ದಾಟಿದ ಹಾಗೆ.

ಎರಡನೆಯದು ಚರ್ಮವನ್ನು ಮಾತ್ರ ಹಿಡಿದು ಬೆಳ್ಳಗೆ ಮಾಡುವುದು. ಲೈಟ್‌ರೂಮ್‌ನಂಥ ಸಾಫ್ಟ್‌ವೇರ್‌ನಲ್ಲಿ ಕಿತ್ತಳೆ ಬಣ್ಣದ ಹೊಳಪಿನ ಸ್ಲೈಡರ್ ಎಳೆದರೆ ಆಯಿತು. ನಮ್ಮವರ ಚರ್ಮ, ಎಣ್ಣೆಗಪ್ಪಿನಿಂದ ಗೋಧಿ ಬಣ್ಣದವರೆಗೆ, ಬಹುಮಟ್ಟಿಗೆ ಕಿತ್ತಳೆಯ ವ್ಯಾಪ್ತಿಯೊಳಗೇ ಬೀಳುತ್ತದೆ. ಆದರೆ ಬಂಗಾರದ ಸರ, ಮದರಂಗಿ, ಮರದ ಬಾಗಿಲು ಕೂಡ ಅದರ ಆಸುಪಾಸಿನಲ್ಲೇ ಇವೆ. ಹಾಗಾಗಿ ಇದನ್ನು ಪತ್ತೆ ಹಚ್ಚುವುದು ಸುಲಭ. ಸೀರೆಯ ಬಣ್ಣ ಸರಿಯಾಗಿದ್ದು ಸರದ ಬಂಗಾರ ಮಾತ್ರ ಹಿತ್ತಾಳೆಯಂತೆ ಬಿಳಿಚಿದ್ದರೆ, ಅಂಗೈಯ ಮದರಂಗಿ ತೊಳೆದಂತೆ ಮಂಕಾಗಿದ್ದರೆ ಆ ಸ್ಲೈಡರ್ ಎಳೆದಿದ್ದಾರೆ ಎಂದರ್ಥ. ಸಾಫ್ಟ್‌ವೇರ್‌ನಲ್ಲಿ ಮುಖವನ್ನು ಮಾತ್ರ ಆಯ್ದುಕೊಂಡು ಮಾಡಿದರೆ ಬಂಗಾರ ಉಳಿಯುತ್ತದೆ, ಆದರೆ ಕಿವಿ, ಕತ್ತು, ಮೊಣಕೈ ಸಿಕ್ಕಿಸಿ ಹಾಕುತ್ತವೆ. ಅವಸರದ ಕೆಲಸದಲ್ಲಿ ಕಿವಿಯನ್ನು ಮರೆಯದವರು ಅಪರೂಪ.

ಹೋಲಿಕೆಗೆ ಇದರಿಂದ ಏನಾಗುತ್ತದೆ? ಚರ್ಮ ತಿಳಿಯಾದಂತೆ ಹುಬ್ಬು, ಕಣ್ಣು, ತುಟಿಗಳ ಜೊತೆ ಅದರ ವ್ಯತ್ಯಾಸ ಹೆಚ್ಚುತ್ತದೆ. ಆ ವ್ಯತ್ಯಾಸವೂ ಗುರುತಿನ ಒಂದು ಕಂಬ ಎಂದು ಮೇಲೆ ನೋಡಿದೆವು. ವಯಸ್ಸಾದಂತೆ ಅದು ಸಹಜವಾಗಿ ಕಡಿಮೆಯಾಗುವುದರಿಂದ, ಹೆಚ್ಚಿಸಿದಾಗ ಮುಖ ಎಳೆಯದಾಗಿ ಕಾಣುತ್ತದೆ. ಗಿರಾಕಿಗೆ ಖುಷಿಯಾಗುವುದೂ ಅದಕ್ಕೇ, ಮುಖ ಬೇರೆಯಾಗುವುದೂ ಅದಕ್ಕೇ.

2020ರ ಜೂನ್‌ನಲ್ಲಿ ಶಾದಿ ಡಾಟ್ ಕಾಮ್ ಚರ್ಮದ ಬಣ್ಣದ ಆಯ್ಕೆಯನ್ನು ತನ್ನ ಹುಡುಕಾಟದಿಂದ ತೆಗೆಯಿತು. ಮರುತಿಂಗಳು ಫೇರ್ ಅಂಡ್ ಲವ್ಲಿ ಎಂಬ ಕ್ರೀಮಿನ ಹೆಸರಿನಿಂದ "ಫೇರ್" ಹೋಯಿತು. ಕಂಪನಿಗಳು ಪಟ್ಟಿ ಬದಲಾಯಿಸಿದವು, ಸ್ಟುಡಿಯೊದ ಕೌಂಟರಿನ ಮಾತು ಬದಲಾಗಿಲ್ಲ. ಕೇಳುವ ಆಯ್ಕೆ ಇಲ್ಲದ ಮೇಲೆ ಫೋಟೊವೇ ಆ ಉತ್ತರ ಹೇಳಬೇಕಾಗಿ ಬಂದು, ಒತ್ತಡ ಎಡಿಟರ್ ಮೇಲೆ ಹೆಚ್ಚೇ ಬಿದ್ದಿರಬಹುದು ಎಂಬುದು ನನ್ನ ಊಹೆ.

ಮೈಯ ಆಕಾರ: ಇಲ್ಲೂ ಎರಡು ಬಗೆ

ಆಕಾರವನ್ನು ಎಳೆದು, ತಳ್ಳಿ ಬದಲಾಯಿಸುವ ಫೋಟೊಶಾಪ್‌ನ ಲಿಕ್ವಿಫೈ ಬಳಸಿದ ಕೂಡಲೇ ಮೋಸ ಎನ್ನುವಂತಿಲ್ಲ. ವೇದಿಕೆಯ ಮೇಲೆ ಬಳಗವೆಲ್ಲ ನಿಂತು ತೆಗೆಸಿದ ಗ್ರೂಪ್ ಫೋಟೊ ನೆನಪಿಸಿಕೊಳ್ಳಿ. ಜಾಗ ಸಾಲದೆ ಅಗಲ ನೋಟದ 24 ಎಂಎಂ ಲೆನ್ಸ್ ಹಾಕಿದಾಗ ತುದಿಯಲ್ಲಿ ನಿಂತವರು ಅಡ್ಡಕ್ಕೆ ಹಿಗ್ಗುತ್ತಾರೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಚೌಕಟ್ಟಿನ ಕಟ್ಟಕಡೆಯ ಅಂಚಿಗೆ ಬಂದಾಗ ಈ ಹಿಗ್ಗು ಸುಮಾರು ಕಾಲು ಭಾಗ. ನಡುವೆ ನಿಂತ ವಧೂವರರು ಸರಿಯಾಗಿರುತ್ತಾರೆ, ತುದಿಯ ಸೋದರತ್ತೆ ಮಾತ್ರ ಯಾವಾಗಲೂ ದಪ್ಪ. ಅವರನ್ನು ಅಷ್ಟೇ ಪ್ರಮಾಣದಲ್ಲಿ ಒಳಗೆಳೆದರೆ ಇದ್ದ ಹಾಗೆ ತೋರಿಸಿದಂತಾಯಿತು.

ಮೊಬೈಲ್ ಸೆಲ್ಫಿಯಲ್ಲೂ ಇದೇ ಕಥೆ, ಕಾರಣ ಮಾತ್ರ ಬೇರೆ. ಒಂದಡಿ ದೂರದಿಂದ ತೆಗೆದ ಫೋಟೊದಲ್ಲಿ ಮೂಗು ಐದಡಿ ದೂರದಿಂದ ತೆಗೆದದ್ದಕ್ಕಿಂತ ಸುಮಾರು 30 ಪ್ರತಿಶತ ಅಗಲವಾಗಿ ಕಾಣುತ್ತದೆ ಎಂದು ಅಮೆರಿಕದ ಶಸ್ತ್ರವೈದ್ಯರ ತಂಡವೊಂದು 2018ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿತು. ಸೆಲ್ಫಿ ನೋಡಿ "ನನ್ನ ಮೂಗು ದಪ್ಪ" ಎಂದು ನಂಬಿಕೊಂಡು ಬಂದವರಿಗೆ ಮೂಗು ತಿದ್ದಿಕೊಡಬೇಕಿಲ್ಲ. ಐದಾರು ಅಡಿ ಹಿಂದೆ ನಿಂತು ಉದ್ದದ ಲೆನ್ಸಿನಲ್ಲಿ ತೆಗೆದರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಇದರಾಚೆಗೆ ಸೊಂಟ ಸಣ್ಣ ಮಾಡುವುದು, ತೋಳು ತೆಳ್ಳಗೆ ಮಾಡುವುದು, ದವಡೆ ಚೂಪು ಮಾಡುವುದು ಬೇರೆಯೇ ಕೆಲಸ. ಅಲ್ಲಿ ಸರಿಪಡಿಸಲು ಕ್ಯಾಮೆರಾದ ತಪ್ಪೇನೂ ಇಲ್ಲ. ಮೂಳೆಯ ಅಳತೆ ಬದಲಾಗುವುದರಿಂದ ಹೋಲಿಕೆ ಬೇಗ ಕೆಡುವುದೂ ಇಲ್ಲೇ. ನಮ್ಮ ಉಡುಗೆ ಇದನ್ನು ಬಚ್ಚಿಡಲು ಬಿಡುವುದಿಲ್ಲ: ಸೊಂಟದ ಹತ್ತಿರ ಸೀರೆಯ ಜರಿ ಅಂಚು ನೇರವಾಗಿ ಇಳಿಯುವ ಬದಲು ಒಳಗೆ ಬಾಗುತ್ತದೆ, ಬಳೆಗಳು ಮೊಟ್ಟೆಯಾಕಾರಕ್ಕೆ ತಿರುಗುತ್ತವೆ, ಹಿಂದಿನ ಮಂಟಪದ ಕಂಬ ನಡುವಿನಲ್ಲಿ ಸೊಟ್ಟಗಾಗುತ್ತದೆ.

ಯಾರ ವಾದ ಏನು

ಸ್ಟುಡಿಯೊದವರ ವಾದ ಸರಳ. ಗಿರಾಕಿ ದುಡ್ಡು ಕೊಡುತ್ತಾನೆ, ಗಿರಾಕಿ ಕೇಳಿದ್ದು ಕೊಡಬೇಕು. ಕೊಡದಿದ್ದರೆ ಪಕ್ಕದ ಸ್ಟುಡಿಯೊ ಕೊಡುತ್ತದೆ. ಇದರಲ್ಲಿ ಸತ್ಯವಿದೆ. ಬಹಳ ಸಲ ಕತ್ತರಿಸುವ, ಸವರುವ ಕೆಲಸ ಫೋಟೊ ತೆಗೆದವರ ಕೈಯಲ್ಲೂ ಇರುವುದಿಲ್ಲ. ಆಲ್ಬಂ ಡಿಸೈನರ್ ಕೈಗೆ ಫೈಲು ಹೋಗುತ್ತದೆ, ಆತ ಆ ಮನುಷ್ಯನನ್ನು ಕಣ್ಣಾರೆ ಕಂಡಿರುವುದೇ ಇಲ್ಲ. ಮೂಲ ಮುಖ ಗೊತ್ತಿಲ್ಲದವರಿಗೆ ಹೋಲಿಕೆ ಎಲ್ಲಿ ತಪ್ಪಿತು ಎಂದು ತಿಳಿಯುವುದಾದರೂ ಹೇಗೆ?

ಫೋಟೊದಲ್ಲಿರುವವರ ವಾದ ಇನ್ನೂ ಗಟ್ಟಿ: ನನ್ನ ಮುಖ, ನನ್ನಿಷ್ಟ. ಹೆರಿಗೆಯ ಕಲೆಯೋ ಸುಟ್ಟ ಗಾಯವೋ ಫೋಟೊದಲ್ಲಿ ಬೇಡ ಎನ್ನುವ ಹಕ್ಕು ಅವರದ್ದೇ. ತೊಡಕು ಎಂದರೆ ಬಯೋಡೇಟಾ ಫೋಟೊದಲ್ಲಿ ಕೇಳುವ ಬಾಯಿ ಅವರದ್ದಲ್ಲದೇ ಇರುವುದು. "ಬೆಳ್ಳಗೆ ಮಾಡ್ರಿ" ಎನ್ನುವುದು ಅಪ್ಪನೋ ಸೋದರಮಾವನೋ, ಫೋಟೊದಲ್ಲಿರುವ ಹುಡುಗಿ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾಳೆ. ಹುಡುಗಿ ನೋಡುವ ದಿನ ಫೋಟೊ ಮತ್ತು ಮುಖದ ನಡುವಿನ ಅಂತರಕ್ಕೆ ಉತ್ತರ ಕೊಡಬೇಕಾಗಿ ಬರುವುದು ಅವಳಿಗೇ. ಆ ಕ್ಷಣದ ನೋಟವನ್ನು ಎಡಿಟರ್ ಎದುರಿಸುವುದಿಲ್ಲ. ಈ ಜಗಳದಲ್ಲಿ ನಾನು ಯಾರ ಕಡೆ ಎಂದರೆ, ಕೌಂಟರಿನಲ್ಲಿ ಆಕೆಯನ್ನೇ ಕೇಳಬೇಕು ಎನ್ನುವವರ ಕಡೆ.

ಮೂರನೆಯವರು ಫೋಟೊ ನೋಡಿ ತೀರ್ಮಾನ ತೆಗೆದುಕೊಳ್ಳುವವರು. ಅವರೀಗ ಸ್ಟುಡಿಯೊ ಫೋಟೊವನ್ನು ನಂಬುವುದು ಬಿಟ್ಟು "ಮೊಬೈಲ್‌ನಾಗ ತೆಗೆದದ್ದು ಒಂದು ಕಳಸ್ರಿ" ಎನ್ನುತ್ತಾರೆ. ಮೊಬೈಲ್ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಇದರ ಹಿಂದಿದೆ.

ಮೊಬೈಲ್‌ನ ಸತ್ಯವೂ ಅಷ್ಟಕ್ಕಷ್ಟೆ

ಅನೇಕ ಫೋನ್‌ಗಳ ಸೆಲ್ಫಿ ಕ್ಯಾಮೆರಾದಲ್ಲಿ ಬ್ಯೂಟಿ ಮೋಡ್ ಮೊದಲಿನಿಂದಲೇ ಆನ್ ಆಗಿ ಬರುತ್ತದೆ. ಗೂಗಲ್ ತನ್ನ ಪಿಕ್ಸೆಲ್ ಫೋನ್‌ಗಳಲ್ಲಿ ಇದನ್ನು ಆಫ್ ಸ್ಥಿತಿಯಲ್ಲೇ ಕೊಡುವುದಾಗಿ 2020ರಲ್ಲಿ ಪ್ರಕಟಿಸಿದ್ದು ಈ ಕಾರಣಕ್ಕೇ. ಬ್ಯೂಟಿ ಮೋಡ್ ಆಫ್ ಇದ್ದರೂ ಕಥೆ ಮುಗಿಯಲಿಲ್ಲ. ಮಂದ ಬೆಳಕಿನಲ್ಲಿ ಫೋನ್ ಚಿತ್ರದಲ್ಲಿ ಏಳುವ ಕಾಳು ಕಾಳಾದ ಚುಕ್ಕೆಗಳನ್ನು ಅಳಿಸಲು ಹೋಗಿ ಚರ್ಮದ ವಿವರವನ್ನೂ ಅಳಿಸುತ್ತದೆ. 2018ರಲ್ಲಿ ಹೊಸ ಐಫೋನ್‌ನ ಸೆಲ್ಫಿಗಳು ಮುಖ ಸವರಿದಂತಿವೆ ಎಂದು ಗಲಾಟೆಯಾದಾಗ, ಅಲ್ಲಿ ಬ್ಯೂಟಿ ಫಿಲ್ಟರ್ ಇರಲಿಲ್ಲ. ಹಲವು ಚಿತ್ರಗಳನ್ನು ಸೇರಿಸುವಾಗ ತಪ್ಪಾದ ಚಿತ್ರವನ್ನು ಆಧಾರವಾಗಿ ಆರಿಸಿಕೊಳ್ಳುವ ದೋಷವಿತ್ತು, ಅದನ್ನು ಆ್ಯಪಲ್ ಅಪ್‌ಡೇಟ್‌ನಲ್ಲಿ ಸರಿಪಡಿಸಿತು.

ಇದರ ಪರಿಣಾಮ ಸ್ಟುಡಿಯೊಗೆ ತಿರುಗಿ ಬರುತ್ತದೆ. ದಿನವೂ ಸವರಿದ ಮುಖವನ್ನೇ ಫೋನಿನಲ್ಲಿ ನೋಡಿ ರೂಢಿಯಾದವರಿಗೆ ಒಳ್ಳೆಯ ಲೆನ್ಸಿನ ಪ್ರಾಮಾಣಿಕ ಫೋಟೊ "ಚೆನ್ನಾಗಿ ಬಂದಿಲ್ಲ" ಅನ್ನಿಸುತ್ತದೆ. ಅವರನ್ನು ಒಲಿಸಲು ಸ್ಟುಡಿಯೊ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಮುಂದಿನ ಗಿರಾಕಿ ಆ ಫೋಟೊ ನೋಡಿಕೊಂಡು ಬರುತ್ತಾನೆ.

ನೋಡಿ ಹೇಳುವುದು ಹೇಗೆ

ಟಚಪ್ ಆದ ಫೋಟೊವನ್ನು ಕಂಪ್ಯೂಟರ್‌ನಲ್ಲಿ ಜೂಮ್ ಮಾಡಿ ಪರೀಕ್ಷಿಸುವುದು ವಾಡಿಕೆ. ಹೋಲಿಕೆಯ ಪ್ರಶ್ನೆಗೆ ಅದರ ಉಲ್ಟಾ ಮಾಡಬೇಕು. ಮೂಲ ಫೋಟೊ ಮತ್ತು ತಿದ್ದಿದ ಫೋಟೊ ಎರಡನ್ನೂ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ಅಕ್ಕಪಕ್ಕ ಇಡಿ. ಮೊಡವೆ ಮಾತ್ರ ತೆಗೆದಿದ್ದರೆ ಎರಡೂ ಒಂದೇ ಥರ ಕಾಣುತ್ತವೆ. ಆ ಗಾತ್ರದಲ್ಲೂ ಎರಡು ಬೇರೆ ಎಂದು ಕಂಡರೆ ನೆರಳು, ಬಣ್ಣ, ಆಕಾರಗಳಲ್ಲಿ ಯಾವುದೋ ಒಂದು ಜಾರಿದೆ. ಬೆಳಕು ಸರಿಪಡಿಸಿದ್ದರಿಂದ ಬಂದ ವ್ಯತ್ಯಾಸವೋ ಎಂದು ಅನುಮಾನವಾದರೆ ಮುಖದ ಜೊತೆ ಶರ್ಟು, ಹಿನ್ನೆಲೆಯೂ ಅಷ್ಟೇ ತಿಳಿಯಾಗಿವೆಯೇ ನೋಡಬೇಕು.

ಮಾಡಿಸಿಕೊಳ್ಳುವವರು ಕೇಳಬೇಕಾದ್ದೂ ಇದೆ. ಟಚಪ್ ಮಾಡಿದ್ದರ ಜೊತೆ ಬೆಳಕು, ಬಣ್ಣ ಮಾತ್ರ ಸರಿ ಮಾಡಿದ ಇನ್ನೊಂದು ಪ್ರತಿಯನ್ನು ಕೇಳಿ ಪಡೆಯಬಹುದು, ಎಡಿಟರ್‌ಗೆ ಅದು ದೊಡ್ಡ ಕೆಲಸವಲ್ಲ. ಬಯೋಡೇಟಾಕ್ಕೆ ಯಾವುದನ್ನು ಕಳಿಸಬೇಕು ಎಂದು ಮನೆಯಲ್ಲಿ ಕೂತು ಎರಡನ್ನೂ ಎದುರಿಗಿಟ್ಟುಕೊಂಡು ತೀರ್ಮಾನಿಸಿದರಾಯಿತು. ಗುರುತಿನ ಚೀಟಿ, ವೀಸಾ ಕೆಲಸಕ್ಕಾದರೆ ಮೂಲ ಫೈಲನ್ನೇ ಕೊಡಬೇಕು. ಅಮೆರಿಕದ ವೀಸಾ ಫೋಟೊಗೂ ರೂಪ ಬದಲಾಗುವಂತೆ ತಿದ್ದಿರಬಾರದು ಎಂಬ ನಿಯಮವಿದೆ, ಕನ್ನಡಕವನ್ನು 2016ರ ನವೆಂಬರ್‌ನಿಂದಲೇ ತೆಗೆದಿಡಬೇಕಾಗಿದೆ.